ದಿನಕ್ಕೆ ಹತ್ತು ಗ್ರಾಂ: ತಬ್ಬಲಿ ಬೆಕ್ಕಿನ ಮರಿಯನ್ನು ಏಳು ವಾರ ಸಾಕಿ ಕೊಡುವುದು

ಜೂನ್ ತಿಂಗಳಲ್ಲಿ ಮಳೆ ಹಿಡಿದು ಶಾಲೆ ತೆರೆದರೆ ನಮ್ಮ ಕಾಸರಗೋಡಿನ ಶಾಲೆಗಳಿಗೆ ಹೊಸ ಮಕ್ಕಳ ಜೊತೆ ಬೆಕ್ಕಿನ ಮರಿಗಳೂ ಬರುತ್ತವೆ. ಯಾರೋ ಗೋಣಿಯಲ್ಲಿ ಕಟ್ಟಿ ಗೇಟಿನ ಹತ್ತಿರ ಬಿಟ್ಟು ಹೋಗಿರುತ್ತಾರೆ, ಇಲ್ಲವೇ ಕಟ್ಟಿಗೆ ಶೆಡ್ಡಿನಲ್ಲಿ ತಾಯಿ ಬೆಕ್ಕೇ ಹಾಕಿರುತ್ತದೆ. ಒಬ್ಬ ಹುಡುಗ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ನಿಮ್ಮ ಮುಂದೆ ಬಂದು ನಿಲ್ಲುತ್ತಾನೆ. ವಿಜ್ಞಾನದ ಟೀಚರು ಅಂದರೆ ಪ್ರಾಣಿಗಳ ಡಾಕ್ಟರೂ ಹೌದು ಎಂಬುದು ಮಕ್ಕಳ ನಂಬಿಕೆ. ಆಗ ನೀವು ಏನು ಮಾಡಬೇಕು ಎನ್ನುವುದೇ ಈ ಲೇಖನದ ವಿಷಯ. ಬೆಕ್ಕನ್ನು ಶಾಶ್ವತವಾಗಿ ಸಾಕುವ ಬಗ್ಗೆ ನಾನು ಹೇಳುತ್ತಿಲ್ಲ. ಆರೇಳು ವಾರ ತಾಯಿಯ ಕೆಲಸ ಮಾಡಿ, ಆಮೇಲೆ ಒಳ್ಳೆಯ ಮನೆಗೆ ದಾಟಿಸುವ ಬಗ್ಗೆ ಮಾತ್ರ.

ಮೊದಲನೆಯ ಮಾತು: ಮರಿ ನಿಜವಾಗಿ ತಬ್ಬಲಿಯೋ ಅಂತ ನೋಡಿ. ತಾಯಿ ಬೆಕ್ಕು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಜಾಗ ಬದಲಿಸುತ್ತದೆ, ನಡುವೆ ಆಹಾರಕ್ಕೂ ಹೋಗುತ್ತದೆ. ಒಂದೇ ಮರಿ ಕಂಡಿತು ಅಂದ ಮಾತ್ರಕ್ಕೆ ಅದು ಬಿಟ್ಟುಹೋದ ಮರಿಯಲ್ಲ. ಮರಿ ಒಣಗಿದ, ಬೆಚ್ಚಗಿನ ಜಾಗದಲ್ಲಿದ್ದು ಸುಮ್ಮನೆ ಮಲಗಿದ್ದರೆ ಎರಡು ಮೂರು ಗಂಟೆ ದೂರದಿಂದ ಕಾಯಿರಿ. ಹೊಟ್ಟೆ ತುಂಬಿದ ಮರಿ ಕೂಗುವುದಿಲ್ಲ. ಮನುಷ್ಯರ ಕೈ ತಾಗಿದರೆ ತಾಯಿ ಮರಿಯನ್ನು ಮತ್ತೆ ಸೇರಿಸುವುದಿಲ್ಲ ಅಂತ ಮಕ್ಕಳು ಹೇಳುತ್ತಾರೆ, ಅದನ್ನು ನಂಬಬೇಕಾಗಿಲ್ಲ. ತಾಯಿ ಬರುವ ಹಾಗಿದ್ದರೆ ಅದಕ್ಕಿಂತ ಒಳ್ಳೆಯ ಸಾಕುವವರು ನೀವೂ ಅಲ್ಲ, ನಾನೂ ಅಲ್ಲ.

ನಮ್ಮ ಶಾಲೆಯಲ್ಲಿ ಕಳೆದ ಜೂನಿನಲ್ಲಿ ಆ ಸಂಶಯ ಇರಲಿಲ್ಲ. ತಾಯಿ ಬೆಕ್ಕು ರಸ್ತೆಯಲ್ಲಿ ವಾಹನದಡಿ ಸಿಕ್ಕಿ ಸತ್ತದ್ದನ್ನು ಅಡುಗೆಯ ಅಕ್ಕ ಹಿಂದಿನ ದಿನವೇ ನೋಡಿದ್ದರು. ಮಾರನೆಯ ದಿನ ಬೆಳಗ್ಗೆ ಕಟ್ಟಿಗೆಯ ಸಂದಿಯಲ್ಲಿ ಮೂರು ಮರಿಗಳು ಸಿಕ್ಕಿದವು. ಎರಡು ತಣ್ಣಗಾಗಿದ್ದವು. ಮೂರನೆಯದಕ್ಕೆ ಜೀವ ಇತ್ತು, ಆದರೆ ಕೂಗುವಷ್ಟು ಶಕ್ತಿ ಇರಲಿಲ್ಲ.

ಹಾಲಿಗಿಂತ ಮೊದಲು ಬಿಸಿ

ಹಸಿದ ಮರಿ ಕಂಡ ಕೂಡಲೇ ಎಲ್ಲರ ಕೈ ಹಾಲಿನ ಕಡೆ ಹೋಗುತ್ತದೆ. ಅಲ್ಲಿಯೇ ಬಹಳ ಮರಿಗಳು ಸಾಯುವುದು. ಮರಿಯ ಮೈ ತಣ್ಣಗಾಗಿದ್ದರೆ ಅದರ ಕರುಳು ಕೆಲಸ ಮಾಡುವುದಿಲ್ಲ. ಹಾಕಿದ ಹಾಲು ಹೊಟ್ಟೆಯಲ್ಲೇ ಉಳಿದು ಹುಳಿಯುತ್ತದೆ, ಇಲ್ಲವೇ ಬಾಯಿಗೆ ವಾಪಸ್ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ದೊಡ್ಡ ಬೆಕ್ಕಿನ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಎರಡು ವಾರದ ಮರಿಯದ್ದು ಅದಕ್ಕಿಂತ ಒಂದೆರಡು ಡಿಗ್ರಿ ಕಡಿಮೆಯೇ ಇರುತ್ತದೆ. ಅದು 35ಕ್ಕಿಂತ ಕೆಳಗೆ ಇಳಿದಿದ್ದರೆ ಹಾಲು ಕೊಡಬಾರದು. ಥರ್ಮಾಮೀಟರ್ ಇಲ್ಲದಿದ್ದರೆ ಕೈ ತೊಳೆದುಕೊಂಡು ಕಿರುಬೆರಳ ತುದಿಯನ್ನು ಮರಿಯ ಬಾಯಿಯೊಳಗೆ ಇಟ್ಟು ನೋಡಿ. ಒಳಗೆ ತಣ್ಣಗೆ ಅನ್ನಿಸಿದರೆ ಮೊದಲು ಬಿಸಿ, ಆಮೇಲೆ ಹಾಲು.

ಮರಿ ಇಷ್ಟು ಬೇಗ ಏಕೆ ತಣ್ಣಗಾಗುತ್ತದೆ ಎನ್ನುವುದು ಒಂಬತ್ತನೇ ತರಗತಿಯ ಲೆಕ್ಕ. ನಾಲ್ಕು ಕಿಲೋ ತೂಗುವ ಬೆಕ್ಕು 200 ಗ್ರಾಮಿನ ಮರಿಯ 20 ಪಟ್ಟು ತೂಕ. ಆದರೆ ಆಕಾರ ಒಂದೇ ಅಂತ ಇಟ್ಟುಕೊಂಡರೆ ಅದರ ಮೈಯ ಹೊರಮೈ 20 ಪಟ್ಟು ಆಗುವುದಿಲ್ಲ, ಸುಮಾರು ಏಳೂವರೆ ಪಟ್ಟು ಮಾತ್ರ. ಹಾಗಾಗಿ ಒಂದೊಂದು ಗ್ರಾಮಿಗೆ ಲೆಕ್ಕ ಹಾಕಿದರೆ ಮರಿಗೆ ದೊಡ್ಡ ಬೆಕ್ಕಿನ ಎರಡು ಮುಕ್ಕಾಲು ಪಟ್ಟು ಹೊರಮೈ ಇದೆ, ಬಿಸಿಯೂ ಅಷ್ಟೇ ವೇಗವಾಗಿ ಸೋರುತ್ತದೆ. ಅದರ ಮೇಲೆ ಚರ್ಮದಡಿ ಕೊಬ್ಬಿಲ್ಲ, ಮೊದಲ ವಾರದಲ್ಲಿ ನಡುಗಿ ಬಿಸಿ ಹುಟ್ಟಿಸಲೂ ಬರುವುದಿಲ್ಲ. ರೋಮ ಒದ್ದೆಯಾಗಿದ್ದರಂತೂ ಕೇಳುವುದೇ ಬೇಡ.

ನಮ್ಮ ಮರಿಯನ್ನು ಒಣ ಬೈರಾಸಿನಿಂದ ಒರೆಸಿ, ಪುಸ್ತಕ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟೆವು. ಅಡುಗೆಮನೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಕೈಗೆ ಹಿತವಾಗುವಷ್ಟಾದ ಮೇಲೆ ಬಾಟಲಿಗೆ ತುಂಬಿ, ಅದಕ್ಕೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ ಇಟ್ಟೆ. ಇನ್ನೊಂದು ಬದಿ ಖಾಲಿ. ಈ ಖಾಲಿ ಬದಿ ಮುಖ್ಯ. ಬಿಸಿ ಹೆಚ್ಚಾದರೆ ಮರಿ ತೆವಳಿ ದೂರ ಹೋಗಲು ಜಾಗ ಬೇಕು. ಎಲ್ಲ ಕಡೆ ಬಿಸಿ ಇಟ್ಟರೆ ಅದು ಬೆಂದು ಹೋಗುತ್ತದೆ. ಬಲ್ಬು ಹಚ್ಚಿ ಇಡುವ ಕ್ರಮ ಕೆಲವರಲ್ಲಿ ಇದೆ. ನಮ್ಮ ಮಳೆಗಾಲದಲ್ಲಿ ಕರೆಂಟು ರಾತ್ರಿ ಎರಡು ಗಂಟೆಗೆ ಹೋದರೆ ಬೆಳಗ್ಗೆಯವರೆಗೆ ಮರಿ ತಣ್ಣಗಾಗಿರುತ್ತದೆ. ಅದಕ್ಕೆ ನನಗೆ ಬಾಟಲಿಯೇ ಸರಿ. ಮೂರು ಗಂಟೆಗೊಮ್ಮೆ ನೀರು ಬದಲಿಸಬೇಕು, ಅಷ್ಟೆ. ನಿಧಾನವಾಗಿ, ಒಂದೆರಡು ಗಂಟೆ ತೆಗೆದುಕೊಂಡು ಬಿಸಿ ಮಾಡಬೇಕು. ಒಂದೂವರೆ ಗಂಟೆಯಲ್ಲಿ ನಮ್ಮ ಮರಿ ತಲೆ ಎತ್ತಿ ಕೂಗಿತು. ಹಾಲಿಗೆ ಅದೇ ಗಂಟೆ.

ಅಷ್ಟರಲ್ಲಿ ಇನ್ನೊಂದು ಕೆಲಸ ಆಗಬೇಕಿತ್ತು. ಮರಿಯನ್ನು ಎತ್ತಿದ ಹುಡುಗನ ಮುಂಗೈಯಲ್ಲಿ ಸಣ್ಣ ಗೀರು ಇತ್ತು. ಎರಡು ವಾರದ ಮರಿಗೆ ಉಗುರನ್ನು ಒಳಗೆ ಎಳೆದುಕೊಳ್ಳಲು ಬರುವುದಿಲ್ಲ, ಎತ್ತಿದವರಿಗೆ ಗೀರು ಆಗಿಯೇ ಆಗುತ್ತದೆ. ಊರು ತಿಳಿಯದ ಬೆಕ್ಕಿನ ಮರಿ ಚಿಕ್ಕದು ಅಂತ ಹುಚ್ಚುರೋಗದ ವಿಷಯದಲ್ಲಿ ರಿಯಾಯಿತಿ ಇಲ್ಲ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಸಿ, ಅವನ ಮನೆಯವರಿಗೆ ಫೋನು ಮಾಡಿ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕಳಿಸಿದೆವು. ಚರ್ಮದೊಳಗೆ ಕೊಡುವ ಚುಚ್ಚುಮದ್ದು 0, 3, 7 ಮತ್ತು 28ನೇ ದಿನಗಳಲ್ಲಿ. ರಕ್ತ ಬಂದಿದ್ದರೆ ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕಾಗುತ್ತದೆ, ಅದನ್ನು ಡಾಕ್ಟರೇ ನಿಶ್ಚಯಿಸುತ್ತಾರೆ. ಅಲ್ಲಿಂದ ಮುಂದೆ ನಮ್ಮ ಶಾಲೆಯಲ್ಲಿ ಒಂದು ಕಟ್ಟುಪಾಡು: ಮರಿಯನ್ನು ಮುಟ್ಟುವವಳು ನಾನೊಬ್ಬಳು, ಮಕ್ಕಳದ್ದು ನೋಡುವ ಮತ್ತು ಬರೆಯುವ ಕೆಲಸ.

ಹಲ್ಲು ನೋಡಿ ವಯಸ್ಸು, ತೂಕ ನೋಡಿ ಹಾಲು

ಮರಿಗೆ ಎಷ್ಟು ದಿನ ಆಯಿತು ಎನ್ನುವುದನ್ನು ಊಹಿಸದೆ ಮುಂದೆ ಹೋಗಲು ಆಗುವುದಿಲ್ಲ. ಕಣ್ಣು ಏಳರಿಂದ ಹದಿನಾಲ್ಕು ದಿನದ ಒಳಗೆ ಬಿಡುತ್ತದೆ. ಹುಟ್ಟುವಾಗ ಮಡಚಿರುವ ಕಿವಿ ಮೂರನೇ ವಾರದ ಹೊತ್ತಿಗೆ ನೆಟ್ಟಗಾಗುತ್ತದೆ. ಸಣ್ಣ ಬಾಚಿಹಲ್ಲು ಒಸಡಿನಲ್ಲಿ ಮೂರನೇ ವಾರದ ಸುಮಾರಿಗೆ ಬೆರಳಿಗೆ ತಾಗುತ್ತದೆ, ಕೋರೆಹಲ್ಲು ಅದರ ನಂತರ. ನಮ್ಮ ಮರಿಗೆ ಕಣ್ಣು ಬಿಟ್ಟಿತ್ತು, ಕಿವಿ ಅರ್ಧ ಎದ್ದಿತ್ತು, ಒಸಡು ನುಣುಪಾಗಿತ್ತು. ತೂಕ 212 ಗ್ರಾಂ. ಎಲ್ಲ ಸೇರಿಸಿ ಎರಡು ವಾರ ಅಂತ ಬರೆದುಕೊಂಡೆ. ಹುಟ್ಟುವಾಗ ಸುಮಾರು 100 ಗ್ರಾಂ, ಆಮೇಲೆ ದಿನಕ್ಕೆ ಹತ್ತರಿಂದ ಹದಿನೈದು ಗ್ರಾಂ ಏರಬೇಕು ಎನ್ನುವ ಲೆಕ್ಕಕ್ಕಿಂತ ಅದು ಸ್ವಲ್ಪ ಕಡಿಮೆಯೇ ಇತ್ತು.

ಹಸುವಿನ ಹಾಲು ಏಕೆ ಆಗುವುದಿಲ್ಲ ಎನ್ನುವುದನ್ನು ಮಕ್ಕಳಿಗೆ ಹೀಗೆ ವಿವರಿಸಬಹುದು. ಬೆಕ್ಕಿನ ಹಾಲಿನಲ್ಲಿ ಪ್ರೋಟೀನೂ ಕೊಬ್ಬೂ ಹಸುವಿನ ಹಾಲಿನ ಸುಮಾರು ಎರಡು ಪಟ್ಟು. ಲ್ಯಾಕ್ಟೋಸ್ ಎಂಬ ಸಕ್ಕರೆ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಹಸುವಿನ ಹಾಲಿನಿಂದ ಅಷ್ಟೇ ಪ್ರೋಟೀನು ಪಡೆಯಬೇಕಾದರೆ ಮರಿ ಎರಡು ಪಟ್ಟು ಕುಡಿಯಬೇಕು, ಜೊತೆಗೆ ಎರಡು ಪಟ್ಟು ಲ್ಯಾಕ್ಟೋಸ್ ಹೊಟ್ಟೆಗೆ ಹೋಗುತ್ತದೆ. ಅಷ್ಟನ್ನು ಜೀರ್ಣಿಸುವ ಶಕ್ತಿ ಅದರ ಕರುಳಿಗೆ ಇಲ್ಲ. ಉಳಿದ ಸಕ್ಕರೆ ಕರುಳಿಗೆ ನೀರು ಎಳೆದು ಬೇಧಿ ಮಾಡಿಸುತ್ತದೆ. ಬೇಧಿಯಿಂದ ಮೈಯ ನೀರು ಹೋಗಿ, 200 ಗ್ರಾಮಿನ ಪ್ರಾಣಿ ಒಂದೇ ದಿನದಲ್ಲಿ ಕುಸಿಯುತ್ತದೆ. ನೀರು ಬೆರೆಸಿ ತೆಳು ಮಾಡಿದರೆ ಆದೀತಲ್ಲ ಅಂತ ಕೇಳುತ್ತಾರೆ. ಆಗ ಸಕ್ಕರೆ ಕಡಿಮೆಯಾಯಿತು, ಇದ್ದ ಪ್ರೋಟೀನೂ ಕಡಿಮೆಯಾಯಿತು. ಮರಿ ಹೊಟ್ಟೆ ತುಂಬಿಸಿಕೊಂಡೇ ಹಸಿವಿನಿಂದ ಸೊರಗುತ್ತದೆ. ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಹುಡಿ ಸಿಗುತ್ತದೆ. ನಮಗೆ ಮಂಗಳೂರಿನಿಂದ ತರಿಸಬೇಕಾಯಿತು. ಅದು ಬರುವವರೆಗೆ ಒಂದು ರಾತ್ರಿ ಆಡಿನ ಹಾಲಿನಲ್ಲಿ ಕಳೆದದ್ದಾಯಿತು. ಒಂದು ರಾತ್ರಿಗೆ ನಡೆಯುತ್ತದೆ, ವಾರಗಟ್ಟಲೆಗೆ ಅಲ್ಲ.

ಎಷ್ಟು ಹಾಲು? 100 ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 20 ಕಿಲೋಕ್ಯಾಲೊರಿ ಬೇಕು. 212 ಗ್ರಾಮಿನ ಮರಿಗೆ ಅದು 42 ಆಯಿತು. ಡಬ್ಬದ ಮೇಲೆ ಬರೆದ ಪ್ರಮಾಣದಲ್ಲಿ ಕಲಸಿದರೆ ನಮ್ಮ ಹಾಲಿನಲ್ಲಿ ಒಂದು ಮಿಲಿಲೀಟರಿಗೆ ಹೆಚ್ಚುಕಡಿಮೆ 0.9 ಕಿಲೋಕ್ಯಾಲೊರಿ ಬರುತ್ತಿತ್ತು, ಅಂದರೆ ದಿನಕ್ಕೆ 47 ಮಿಲಿಲೀಟರ್. ಆದರೆ ಹೊಟ್ಟೆ ಚಿಕ್ಕದು. ಒಂದು ಸಲಕ್ಕೆ 100 ಗ್ರಾಂ ತೂಕಕ್ಕೆ ಸುಮಾರು 4 ಮಿಲಿಲೀಟರಿಗಿಂತ ಹೆಚ್ಚು ಹಿಡಿಸುವುದಿಲ್ಲ, ನಮ್ಮದಕ್ಕೆ ಎಂಟು. 47ನ್ನು ಎಂಟರಿಂದ ಭಾಗಿಸಿದರೆ ಆರು ಸಲ. ನಾಲ್ಕು ಗಂಟೆಗೊಮ್ಮೆ, ರಾತ್ರಿ ಎರಡು ಗಂಟೆಯೂ ಸೇರಿ. ನಿಮ್ಮ ಮರಿಗೆ ನಿಮ್ಮ ತೂಕ ಹಾಕಿ ಇದೇ ಲೆಕ್ಕ ಮಾಡಿ. ಮರಿ ಸಾಕಲು ಒಪ್ಪಿಕೊಳ್ಳುವ ಮೊದಲು ಈ ಲೆಕ್ಕವನ್ನು ಮನೆಯವರ ಮುಂದೆ ಇಡುವುದು ಒಳ್ಳೆಯದು. ಬೆಳಗ್ಗೆ ಹತ್ತು ಮತ್ತು ಮಧ್ಯಾಹ್ನ ಎರಡರ ಪಾಳಿಯನ್ನು ನಮ್ಮ ಅತ್ತೆ ವಹಿಸಿಕೊಂಡರು. "ಮಗುವಿಗೆ ಮಾಡಿದ್ದೇ ಇದು, ರೋಮ ಇದೆ ಅಷ್ಟೆ" ಅಂದರು. ಅವರು ಇಲ್ಲದಿದ್ದರೆ ಶಾಲೆಗೆ ಹೋಗುವ ನನ್ನಂಥವಳಿಗೆ ಇದು ಆಗುವ ಕೆಲಸವಲ್ಲ. ನಿಮ್ಮ ಮನೆಯಲ್ಲಿ ಹಗಲು ಯಾರೂ ಇಲ್ಲವಾದರೆ ನಾಲ್ಕು ವಾರ ದಾಟಿದ, ತಾನೇ ತಿನ್ನುವ ಮರಿಯನ್ನು ಮಾತ್ರ ಒಪ್ಪಿಕೊಳ್ಳಿ.

ಕುಡಿಸುವ ಕ್ರಮದಲ್ಲಿ ಒಂದೇ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಮಗುವಿನ ಹಾಗೆ ಅಂಗಾತ ಮಲಗಿಸಬಾರದು. ಮರಿ ತಾಯಿಯ ಹಾಲು ಕುಡಿಯುವುದು ಕವುಚಿ ಮಲಗಿ, ತಲೆಯನ್ನು ಸ್ವಲ್ಪ ಎತ್ತಿ. ಬೈರಾಸಿನ ಮೇಲೆ ಹಾಗೆಯೇ ಮಲಗಿಸಿ, ಸೂಜಿ ಇಲ್ಲದ ಸಿರಿಂಜಿನಿಂದಲೋ ಸಣ್ಣ ನಿಪ್ಪಲ್ ಬಾಟಲಿಯಿಂದಲೋ, ಅದು ಚೀಪಿದ ಹಾಗೆ ಕೊಡಿ. ನೀವು ಒತ್ತಿದರೆ ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ಮೂಗಿನಿಂದ ಹಾಲಿನ ಗುಳ್ಳೆ ಬಂದರೆ ಕೂಡಲೇ ನಿಲ್ಲಿಸಿ, ತಲೆ ಕೆಳಗೆ ಬಾಗಿಸಿ ಒರೆಸಿ. ಆಮೇಲೆ ಉಸಿರಾಟದಲ್ಲಿ ಕಟಕಟ ಸದ್ದು ಕೇಳಿಸಿದರೆ, ಬಾಯಿ ತೆರೆದು ಉಸಿರಾಡಿದರೆ ಅದು ಮೃಗಾಸ್ಪತ್ರೆಗೆ ಓಡುವ ಹೊತ್ತು.

ಕುಡಿಸಿದ ಮೇಲೆ ಇನ್ನೂ ಒಂದು ಕೆಲಸ ಇದೆ, ಅದನ್ನು ಕೇಳಿ ನಮ್ಮ ಎಂಟನೇ ತರಗತಿ ಒಂದು ಪೀರಿಯಡ್ ಪೂರ್ತಿ ನಕ್ಕಿತು. ಮೂರು ವಾರದವರೆಗೆ ಮರಿ ತಾನಾಗಿ ಮೂತ್ರ ಮಾಡುವುದಿಲ್ಲ. ತಾಯಿ ನೆಕ್ಕಿದರೆ ಆ ಪ್ರಚೋದನೆಗೆ ಪ್ರತಿವರ್ತನೆಯಾಗಿ ಮೂತ್ರ, ಮಲ ಹೊರಗೆ ಬರುತ್ತವೆ. ತಾಯಿಯ ನಾಲಗೆಯ ಬದಲು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿ. ಪ್ರತಿ ಸಲ ಕುಡಿಸಿದಾಗಲೂ ಒರೆಸಬೇಕು. ಪ್ರತಿವರ್ತನೆ ಅಂದರೆ ಏನು ಅಂತ ಆ ತರಗತಿಗೆ ಮತ್ತೆ ಪಾಠ ಮಾಡಬೇಕಾಗಿ ಬರಲಿಲ್ಲ.

ತಕ್ಕಡಿ ಹೇಳಿದ್ದು

ಮರಿ ಸಾಕುವವರಿಗೆ ಎಲ್ಲಕ್ಕಿಂತ ಮುಖ್ಯ ಉಪಕರಣ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮರಿ ಕಾಯಿಲೆ ಬಿದ್ದದ್ದು ಕಣ್ಣಿಗೆ ಕಾಣುವ ಒಂದು ದಿನ ಮೊದಲೇ ತೂಕದಲ್ಲಿ ಕಾಣುತ್ತದೆ. ಆದರೆ ಅಳೆಯುವುದರಲ್ಲಿ ಶಿಸ್ತು ಬೇಕು. ಒಂದು ಸಲ ಕುಡಿದರೆ ಎಂಟು ಗ್ರಾಂ ಏರುತ್ತದೆ, ಮೂತ್ರ ಮಾಡಿದರೆ ಕೆಲವು ಗ್ರಾಂ ಇಳಿಯುತ್ತದೆ. ನಾವು ಹುಡುಕುತ್ತಿರುವುದೇ ದಿನಕ್ಕೆ ಹತ್ತು ಗ್ರಾಮಿನ ವ್ಯತ್ಯಾಸ. ಒಂದು ದಿನ ಕುಡಿಯುವ ಮೊದಲು, ಮರುದಿನ ಕುಡಿದ ಮೇಲೆ ತೂಗಿದರೆ ಆ ಹತ್ತು ಗ್ರಾಂ ಎಲ್ಲಿಂದ ಬಂತು ಅಂತ ಯಾರಿಗೂ ಹೇಳಲಾಗದು. ದಿನಾ ಬೆಳಗ್ಗೆ ಆರಕ್ಕೆ, ಹತ್ತಿಯಿಂದ ಒರೆಸಿ ಮೂತ್ರ ಮಾಡಿಸಿದ ನಂತರ, ಕುಡಿಸುವ ಮೊದಲು. ಅದೇ ಬೋಗುಣಿ. ಮರಿ ಹೊರಳಾಡುವುದರಿಂದ ಮೂರು ಸಲ ಓದಿ ಸರಾಸರಿ. ನಾನು ಮನೆಯಲ್ಲಿ ತೂಗಿ ಅಂಕಿ ತರುತ್ತಿದ್ದೆ, ಮಕ್ಕಳು ಗೋಡೆಗೆ ಅಂಟಿಸಿದ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತಿದ್ದರು.

ಎರಡನೇ ದಿನ 209. ಮೊದಲ ದಿನ ಸ್ವಲ್ಪ ಇಳಿದರೆ ಗಾಬರಿ ಬೇಡ, ಹೊಸ ಹಾಲಿಗೆ ಒಗ್ಗಬೇಕಲ್ಲ. ಆಮೇಲೆ 218, 230, 241. ಎಂಟನೇ ದಿನಕ್ಕೆ 276, ಒಂಬತ್ತಕ್ಕೆ 285. ಹತ್ತನೇ ದಿನವೂ 285. ನಾನು ಇಟ್ಟುಕೊಂಡ ನಿಯಮ: ಒಂದು ದಿನ ಏರದಿದ್ದರೆ ಕಣ್ಣಿಟ್ಟು ನೋಡುವುದು, ಎರಡನೇ ದಿನವೂ ಏರದಿದ್ದರೆ ಅಥವಾ ಇಳಿದರೆ ಅದೇ ದಿನ ಡಾಕ್ಟರು. ಹನ್ನೊಂದನೇ ದಿನ 277. ಮರಿ ಕುಡಿಯುತ್ತಿತ್ತು, ಆಡಲೂ ಶುರು ಮಾಡಿತ್ತು. ನೋಡಿದವರಿಗೆ ಹೊಟ್ಟೆ ದುಂಡಗೆ, ಮರಿ ಗುಂಡುಗುಂಡಾಗಿ ಕಾಣುತ್ತಿತ್ತು. ಆದರೆ ಬೆನ್ನೆಲುಬು ಬೆರಳಿಗೆ ಮೊದಲಿಗಿಂತ ಹೆಚ್ಚು ತಾಗುತ್ತಿತ್ತು, ಮಲ ನೀರಾಗಿತ್ತು.

ಹೊಟ್ಟೆ ಮಾತ್ರ ಉಬ್ಬಿ ಬೆನ್ನು ಬಡವಾಗಿದ್ದರೆ ಜಂತುಹುಳದ ಸಂಶಯ ಮೊದಲು ಬರಬೇಕು ಅಂತ ಮೃಗಾಸ್ಪತ್ರೆಯ ಡಾಕ್ಟರು ಹೇಳಿದರು. ತೂಕ ಕೇಳಿ, ಅದಕ್ಕೆ ಸರಿಯಾಗಿ ಪೈರಾಂಟೆಲ್ ಔಷಧಿಯ ಹನಿ ಅಳೆದು ಕೊಟ್ಟರು. ಮರುದಿನ ಮಲದಲ್ಲಿ ನೂಲಿನಂಥ ಬಿಳಿ ಹುಳಗಳು ಬಂದವು. ಎರಡು ವಾರ ಬಿಟ್ಟು ಮತ್ತೊಮ್ಮೆ ಕೊಡಬೇಕು, ಏಕೆಂದರೆ ಔಷಧಿ ಸಾಯಿಸುವುದು ಕರುಳಿನಲ್ಲಿರುವ ಹುಳಗಳನ್ನು ಮಾತ್ರ. ತೂಕ ಹದಿಮೂರನೇ ದಿನ 290 ದಾಟಿತು, ಆಮೇಲೆ ಗ್ರಾಫಿನ ಗೆರೆ ಹಿಂದಿನದಕ್ಕಿಂತ ಕಡಿದಾಗಿ ಏರಿತು.

ತರಗತಿಯಲ್ಲಿ ಒಬ್ಬಳು ಹುಡುಗಿ ಕೇಳಿದ ಪ್ರಶ್ನೆಯನ್ನು ನಿಮ್ಮ ಮುಂದೆಯೂ ಇಡುತ್ತೇನೆ. "ಟೀಚರ್, ಅದು ಹಾಲು ಬಿಟ್ಟು ಬೇರೆ ಏನೂ ತಿಂದಿಲ್ಲವಲ್ಲ, ಹುಳ ಎಲ್ಲಿಂದ ಬಂತು?" ಉತ್ತರ ಆ ಪ್ರಶ್ನೆಯೊಳಗೇ ಇದೆ: ಹಾಲಿನಿಂದಲೇ. ನಾವು ಕೊಟ್ಟ ಹಾಲಿನಿಂದ ಅಲ್ಲ, ತಾಯಿಯ ಹಾಲಿನಿಂದ. ಬೆಕ್ಕಿನ ಜಂತುಹುಳ, ಟಾಕ್ಸೊಕಾರ ಕ್ಯಾಟಿ, ಇದರ ಮರಿಹುಳಗಳು ತಾಯಿ ಬೆಕ್ಕಿನ ಮೈಯ ಅಂಗಾಂಶಗಳಲ್ಲಿ ಸುಪ್ತವಾಗಿದ್ದು, ಹಾಲೂಡುವ ಕಾಲದಲ್ಲಿ ಮೊಲೆಗೆ ಬಂದು ಹಾಲಿನ ಮೂಲಕ ಮರಿಗೆ ದಾಟುತ್ತವೆ. ಬೀದಿಯಿಂದ ಬಂದ ಮರಿಗೆ ಹುಳ ಇದ್ದೇ ಇದೆ ಅಂತ ಇಟ್ಟುಕೊಂಡೇ ನಡೆಯಬೇಕು. ಅದರ ಮಲವನ್ನು ದಿನವೂ ತೆಗೆದು ಕೈ ತೊಳೆಯಬೇಕು, ಮನೆಯಲ್ಲಿ ಗರ್ಭಿಣಿಯರಿದ್ದರೆ ಆ ಕೆಲಸ ಅವರಿಗೆ ಬೇಡ.

ಔಷಧಿಯ ಮಾತು ಬಂದಾಗ ಇಷ್ಟು ಹೇಳಿಬಿಡುತ್ತೇನೆ. ಬೆಕ್ಕಿನ ಯಕೃತ್ತು ಕೆಲವು ವಿಷಗಳನ್ನು ಕಳೆಯುವ ಕಿಣ್ವದಲ್ಲಿ ಬಡವ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್‌ನ ಒಂದು ತುಂಡು ಅದನ್ನು ಕೊಲ್ಲಬಲ್ಲದು. ನಾಯಿಗೆ ಚಿಗಟಕ್ಕೆ ಹಚ್ಚುವ ಪರ್ಮೆಥ್ರಿನ್ ಔಷಧಿಯೂ ಹಾಗೆಯೇ. ನೆಲಕ್ಕೆ ಹಾಕುವ ಫಿನಾಯಿಲ್ ಕೂಡ ಮರಿಯ ಹತ್ತಿರ ಬೇಡ. ನಮ್ಮ ಮರಿಯ ಚಿಗಟಗಳನ್ನು ಸಣ್ಣ ಹಲ್ಲಿನ ಹೇನು ಬಾಚಣಿಗೆಯಿಂದ ಬಾಚಿ, ಸೋಪು ನೀರಿಗೆ ಹಾಕಿದೆವು. ನಿಧಾನದ ಕೆಲಸ, ಆದರೆ ಚಿಗಟ ಬಿಟ್ಟರೆ ಅಷ್ಟು ಸಣ್ಣ ಮೈಯ ರಕ್ತ ಮುಗಿಯುತ್ತದೆ. ಒಸಡು ಗುಲಾಬಿ ಬಣ್ಣ ಬಿಟ್ಟು ಬಿಳಿಚಿದರೆ ಅದೇ ಸೂಚನೆ.

ನಾಲ್ಕನೇ ವಾರದ ನಂತರ

ಇಲ್ಲಿಂದ ಕೆಲಸ ಹಗುರ. ಹಲ್ಲು ಬಂದು ನಿಪ್ಪಲ್ ಕಚ್ಚಲು ಶುರು ಮಾಡಿದರೆ ಹಾಲಿಗೆ ಮುಳ್ಳು ತೆಗೆದು ಬೇಯಿಸಿದ ಮೀನು ಅರೆದು ಸೇರಿಸಿ, ಬೋಗುಣಿಯಲ್ಲಿ ಇಡಬಹುದು. ಉಪ್ಪು, ಮೆಣಸು, ಈರುಳ್ಳಿ ಹಾಕದ ಮೀನು. ಮೊದಲ ದಿನ ಮರಿ ಅದರೊಳಗೆ ನಡೆದಾಡುತ್ತದೆ, ಮೂರನೇ ದಿನ ತಿನ್ನುತ್ತದೆ. ಮೀನೊಂದೇ ಪೂರ್ತಿ ಆಹಾರವಲ್ಲ, ಮರಿಗಳ ಸಿದ್ಧ ಆಹಾರವನ್ನು ನೆನೆಸಿ ಜೊತೆಗೆ ಕೊಡಬೇಕು. ನಮ್ಮಲ್ಲಿ ಮೀನು ಮಾಂಸ ಮನೆಯೊಳಗೆ ತಾರದ ಶಿಕ್ಷಕರು ಬಹಳ ಮಂದಿ ಇದ್ದಾರೆ. ಅವರಿಗೆ ಬೇಸರವಾಗಬಾರದು, ಆದರೆ ಸತ್ಯ ಹೇಳಲೇಬೇಕು. ಹಾಲನ್ನದಿಂದ ಬೆಕ್ಕು ಬದುಕಿದ ಹಾಗೆ ಕಾಣುವುದು ಅದು ಹೊರಗೆ ಇಲಿ, ಓತಿ ಹಿಡಿಯುವುದರಿಂದ. ಟಾರಿನ್ ಎಂಬ ವಸ್ತುವನ್ನು ಬೆಕ್ಕಿನ ಮೈ ಸಾಕಷ್ಟು ತಯಾರಿಸಲಾರದು, ಅದು ಪ್ರಾಣಿಜನ್ಯ ಆಹಾರದಲ್ಲಿ ಮಾತ್ರ ಸಿಗುತ್ತದೆ. ಇಲ್ಲದಿದ್ದರೆ ಕಣ್ಣೂ ಹೃದಯವೂ ಕೆಡುತ್ತವೆ. ಸಿದ್ಧ ಆಹಾರದಲ್ಲಿ ಅದನ್ನು ಸೇರಿಸಿರುತ್ತಾರೆ, ಡಬ್ಬದಿಂದ ಹಾಕಿದರೆ ಆಯಿತು.

ಮಲವಿಸರ್ಜನೆಗೆ ನಮ್ಮೂರಿನ ಅಡಿಕೆ ಹಾಳೆಯ ತಟ್ಟೆಗಿಂತ ಒಳ್ಳೆಯದು ನಾನು ನೋಡಿಲ್ಲ. ಅಂಚು ತಗ್ಗು, ಮರಿ ಸುಲಭವಾಗಿ ಹತ್ತುತ್ತದೆ, ಹಳತಾದರೆ ತೆಂಗಿನ ಬುಡಕ್ಕೆ. ಒಣ ಹೊಯಿಗೆ ಹಾಕಿ, ಊಟ ಆದ ಕೂಡಲೇ ಮರಿಯನ್ನು ಅದರೊಳಗೆ ಇಟ್ಟರೆ ಕೆರೆಯುವ ಬುದ್ಧಿ ಅದರಷ್ಟಕ್ಕೆ ಬರುತ್ತದೆ.

ಈ ಕಾಲದಲ್ಲಿ ಅದು ಕಲಿಯುವ ಇನ್ನೊಂದು ವಿಷಯ ಇದೆ. ಎರಡನೇ ವಾರದಿಂದ ಏಳನೇ ವಾರದವರೆಗೆ ಮರಿ ಯಾರನ್ನು ನೋಡಿ, ಯಾರ ಕೈಗೆ ಒಗ್ಗುತ್ತದೋ ಅವರನ್ನು ಮುಂದೆ ಹೆದರದೆ ಸ್ವೀಕರಿಸುತ್ತದೆ. ಒಬ್ಬರ ಕೈಯಲ್ಲೇ ಬೆಳೆದರೆ ಒಬ್ಬರಿಗೇ ಅಂಟುತ್ತದೆ. ಅದಕ್ಕಾಗಿ ಮನೆಗೆ ಬಂದ ದೊಡ್ಡವರ ಮಡಿಲಿಗೆಲ್ಲ ಅದನ್ನು ಹಾಕುತ್ತಿದ್ದೆ. ಗಂಡಸರ ದನಿ, ಮಿಕ್ಸಿಯ ಸದ್ದು, ಎಲ್ಲವೂ ಪಾಠ. ಬೆರಳಿನಿಂದ ಮಾತ್ರ ಆಡಿಸಬಾರದು. ಒಡಹುಟ್ಟಿದ ಮರಿ ಇದ್ದರೆ ಜೋರಾಗಿ ಕಚ್ಚಿದಾಗ ಅದು ಕೂಗಿ ಆಟ ನಿಲ್ಲಿಸುತ್ತಿತ್ತು. ಒಂಟಿ ಮರಿಗೆ ಅದನ್ನು ಹೇಳಿಕೊಡುವವರಿಲ್ಲ. ಹಗ್ಗದ ತುದಿಗೆ ಬಟ್ಟೆ ಕಟ್ಟಿ ಆಡಿಸಿ, ಕಚ್ಚಿದರೆ ಎದ್ದು ಹೋಗಿ.

ದಾಟಿಸುವುದು

ಬಿಟ್ಟುಕೊಡುವ ತಯಾರಿ ಕೊನೆಯ ವಾರದ್ದಲ್ಲ, ಮೊದಲ ದಿನದ್ದು. ಹೆಸರಿಡೋಣ ಅಂತ ಮಕ್ಕಳು ಗಲಾಟೆ ಮಾಡಿದಾಗ, ಹೆಸರಿಡುವುದು ಅದು ಹೋಗುವ ಮನೆಯವರ ಹಕ್ಕು ಅಂದೆ. ಕೊನೆಗೆ ಎಲ್ಲರೂ ತುಳುವಿನಲ್ಲಿ ಪುಚ್ಚೆ ಅಂತಲೇ ಕರೆದರು. ಬೆಕ್ಕಿಗೆ ಬೆಕ್ಕು ಅಂದ ಹಾಗೆ. ಗ್ರಾಫ್ ಹಾಳೆಯ ಬಲಬದಿಯಲ್ಲಿ 800 ಗ್ರಾಮಿನ ಹತ್ತಿರ ಒಂದು ಕೆಂಪು ಗೆರೆ ಎಳೆದು, ಇದನ್ನು ದಾಟಿದರೆ ಮರಿ ಹೊರಡುತ್ತದೆ ಅಂತ ಜೂನಿನಲ್ಲೇ ಬರೆಸಿದ್ದೆ. ಎಂಟು ವಾರಕ್ಕಿಂತ ಮೊದಲು ಕೊಡಬಾರದು. ಚಂದ ಕಾಣುತ್ತದೆ ಅಂತ ಐದು ವಾರದ ಮರಿಯನ್ನು ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಕೊಟ್ಟರೆ ಆಹಾರ, ಹೊಯಿಗೆ, ಒಗ್ಗುವುದು ಎಲ್ಲವೂ ಅರ್ಧ.

ಜುಲೈ ಕೊನೆಯಲ್ಲಿ ತೂಕ 810 ಆಯಿತು. ಡಾಕ್ಟರು ಪಾನ್‌ಲ್ಯೂಕೋಪೀನಿಯ ಮತ್ತು ಶೀತದ ವೈರಸ್‌ಗಳ ವಿರುದ್ಧದ ಮೊದಲ ಚುಚ್ಚುಮದ್ದು ಕೊಟ್ಟು, ಎರಡನೆಯದಕ್ಕೆ ಮೂರು ನಾಲ್ಕು ವಾರ ಬಿಟ್ಟು, ಹುಚ್ಚುರೋಗದ್ದಕ್ಕೆ ಮೂರು ತಿಂಗಳು ತುಂಬಿದ ಮೇಲೆ ಬರಲು ಬರೆದುಕೊಟ್ಟರು.

ಮರಿ ಬೇಕು ಅಂದವರು ಮೂವರು. ಒಬ್ಬರು ತೋಟದಲ್ಲಿ ಇಲಿಕಾಟ ಅಂತ ಕೇಳಿದರು. ಒಳ್ಳೆಯ ಕಾರಣವೇ, ಬೆಕ್ಕಿಗೆ ಕೆಲಸ ಇರುವ ಮನೆ ಯಾವಾಗಲೂ ಒಳ್ಳೆಯದು. ಆದರೆ ಅದೇ ತೋಟದಲ್ಲಿ ಇಲಿಪಾಷಾಣದ ಬಿಲ್ಲೆಯನ್ನೂ ಇಡುತ್ತಿದ್ದರು. ಬ್ರೊಮಾಡಿಯೊಲೋನ್ ತಿಂದ ಇಲಿ ಒಂದೆರಡು ದಿನದಲ್ಲಿ ಸಾಯುವುದಿಲ್ಲ, ನಿಧಾನವಾಗಿ ತೂಗಾಡುತ್ತಾ ಓಡಾಡುತ್ತದೆ, ಬೆಕ್ಕಿಗೆ ಸುಲಭವಾಗಿ ಸಿಗುತ್ತದೆ. ಆ ಇಲಿಗಳನ್ನು ತಿನ್ನುತ್ತಾ ಹೋದರೆ ವಿಷ ಬೆಕ್ಕಿನ ಯಕೃತ್ತಿನಲ್ಲಿ ಸೇರುತ್ತದೆ, ರಕ್ತ ಹೆಪ್ಪುಗಟ್ಟದೆ ಒಳಗೇ ಸೋರುತ್ತದೆ. ಬೆಕ್ಕು ಅಥವಾ ಪಾಷಾಣ, ಎರಡರಲ್ಲಿ ಒಂದು ಅಂದೆ. ಅವರು ಪ್ರಾಮಾಣಿಕರು, ಪಾಷಾಣ ಬಿಡಲು ಆಗದು ಅಂದರು. ಇನ್ನೊಬ್ಬರಿಗೆ ಹೆಣ್ಣು ಮರಿ ಅಂತ ಗೊತ್ತಾದ ಮೇಲೆ ಬೇಡವಾಯಿತು. ಇದು ನೀವೂ ಕಾಣುವ ವಿಷಯ. ಆರು ತಿಂಗಳ ಸುಮಾರಿಗೆ ಸಂತಾನಹರಣ ಮಾಡಿಸುವ ಒಪ್ಪಂದವಿಲ್ಲದೆ ಹೆಣ್ಣು ಮರಿಯನ್ನು ಕೊಟ್ಟರೆ ಮುಂದಿನ ಜೂನಿಗೆ ಯಾವುದೋ ಶಾಲೆಯ ಕಟ್ಟಿಗೆ ಶೆಡ್ಡಿಗೆ ನಾಲ್ಕು ಮರಿ ಕೊಟ್ಟ ಹಾಗೆ. ಮೂರನೆಯವರು ನಮ್ಮ ಒಬ್ಬ ವಿದ್ಯಾರ್ಥಿಯ ದೊಡ್ಡಮ್ಮ. ಮನೆಯಲ್ಲಿ ದಿನವೂ ಬೂತಾಯಿಯೋ ಬಂಗುಡೆಯೋ ಇರುತ್ತದೆ, ಬಾವಿಗೆ ಕಟ್ಟೆ ಇದೆ, ನಾಯಿ ಇಲ್ಲ, ರಸ್ತೆ ದೂರ. ಆಪರೇಶನ್ ಖರ್ಚಿನ ಅರ್ಧ ನಾನು ಕೊಡುತ್ತೇನೆ ಅಂದಾಗ, "ಅದೆಲ್ಲ ಬೇಡ ಟೀಚರೇ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಜೊತೆಗೆ ಬನ್ನಿ, ಸಾಕು" ಅಂದರು.

ಕೊಡುವಾಗ ಮರಿಯ ಜೊತೆ ಮೂರು ವಸ್ತು ಹೋಗಬೇಕು. ಅದು ಮಲಗುತ್ತಿದ್ದ, ಒಗೆಯದ ಬಟ್ಟೆ, ಏಕೆಂದರೆ ಬೆಕ್ಕಿಗೆ ಮನೆ ಅಂದರೆ ಮೊದಲು ವಾಸನೆ. ಒಂದು ವಾರಕ್ಕೆ ಆಗುವಷ್ಟು ಅದೇ ಆಹಾರ, ಏಕೆಂದರೆ ಜಾಗವೂ ಆಹಾರವೂ ಒಂದೇ ದಿನ ಬದಲಾದರೆ ಬೇಧಿ ಖಂಡಿತ. ಮತ್ತೆ ಹಳೆಯ ಹೊಯಿಗೆ ಒಂದು ಹಿಡಿ, ಹೊಸ ತಟ್ಟೆಗೆ ಬೆರೆಸಲು. ಮೊದಲ ಎರಡು ಮೂರು ದಿನ ಒಂದೇ ಕೋಣೆಯಲ್ಲಿ ಇರಲಿ, ಮಂಚದಡಿ ಅಡಗಿದರೆ ಎಳೆಯಬೇಡಿ ಅಂತ ಹೇಳಿದೆ. ಮರಿ ರಾತ್ರಿ ಕೂಗುತ್ತದೆ, ಅದು ಎರಡು ರಾತ್ರಿಯ ಮಾತು. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಮಾತ್ರ ಫೋನು ಮಾಡಿ. ಹೊಂದದಿದ್ದರೆ ವಾಪಸ್ ನಮ್ಮ ಮನೆಗೇ ತರಬೇಕು, ಬೇರೆಲ್ಲಿಯೂ ಬಿಡಬಾರದು. ಈ ಒಂದು ಮಾತನ್ನು ಎರಡು ಸಲ ಹೇಳಿ, ಬಾಯಿಬಿಟ್ಟು ಒಪ್ಪಿಸಿಕೊಳ್ಳಿ.

ಮಕ್ಕಳನ್ನು ಮೊದಲ ವಾರ ಆ ಮನೆಗೆ ಬಿಡಲಿಲ್ಲ. ಹತ್ತು ಮಂದಿ ಒಟ್ಟಿಗೆ ನುಗ್ಗಿದರೆ ಹೊಸ ಜಾಗದಲ್ಲಿ ಈಗಷ್ಟೇ ಧೈರ್ಯ ಮಾಡಿದ ಮರಿ ಮತ್ತೆ ಮಂಚದಡಿಗೆ. ಇಬ್ಬರು ಅತ್ತರು, ಅದನ್ನು ಮುಚ್ಚಿಡುವುದು ಏಕೆ? ಅಳಬೇಡಿ ಅಂತ ನಾನು ಹೇಳಲಿಲ್ಲ. ನಮ್ಮ ಅತ್ತೆ ಮಧ್ಯಾಹ್ನ ಎರಡು ಗಂಟೆಗೆ ಅಭ್ಯಾಸಬಲದಿಂದ ಅಡುಗೆಮನೆಗೆ ಹೋಗಿ ನಿಲ್ಲುವುದು ಒಂದು ವಾರ ನಡೆಯಿತು. ನಾನು ಸಿರಿಂಜುಗಳನ್ನು ಕುದಿಸಿ ಡಬ್ಬಕ್ಕೆ ಹಾಕಿ ಪೆಟ್ಟಿಗೆ, ತಕ್ಕಡಿ ಎಲ್ಲವನ್ನೂ ಅದೇ ಸಂಜೆ ತೆಗೆದಿಟ್ಟೆ. ಅವು ಕಣ್ಣೆದುರು ಇದ್ದರೆ ಮನೆ ಖಾಲಿ ಅನ್ನಿಸುತ್ತದೆ.

ಹೊಸ ಮನೆಗೆ ತೂಕದ ಪುಸ್ತಕವನ್ನೂ ಕೊಟ್ಟಿದ್ದೇವೆ. ಭಾನುವಾರಕ್ಕೊಮ್ಮೆ ಅಕ್ಕಿ ತೂಗುವ ತಕ್ಕಡಿಯಲ್ಲಿ ಇಟ್ಟು ಆ ದೊಡ್ಡಮ್ಮ ಅಂಕಿ ಕಳಿಸುತ್ತಾರೆ, ಎಂಟನೇ ತರಗತಿ ಚುಕ್ಕಿ ಇಡುತ್ತದೆ. ಹಾಳೆಯಲ್ಲಿ ಜಾಗ ಮುಗಿದು ಇನ್ನೊಂದು ಹಾಳೆ ಅಂಟಿಸಿದ್ದಾರೆ. ಓಣಂ ರಜೆ ಕಳೆದು ಬಂದ ಅಂಕಿ 1 ಕಿಲೋ 340. ಡಿಸೆಂಬರಿನ ಮೊದಲ ವಾರದ ಚೌಕದಲ್ಲಿ ಆಪರೇಶನ್ ಅಂತ ಈಗಲೇ ಬರೆದಿಟ್ಟಿದ್ದಾರೆ.